ಹಣತೆಗೆ ಒಪ್ಪುವ ಸೀರಿಯಲ್ ಸೆಟ್ಟು

ದೀಪಾವಳಿ ಹತ್ತಿರವಾದಂತೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸೀರಿಯಲ್ ಸೆಟ್ಟುಗಳು ಬಾಳೆಗೊನೆಗಳ ಹಾಗೆ ಜೋತುಬೀಳುತ್ತವೆ. ಕೆಂಪು, ಹಸಿರು, ನೀಲಿ, ನೇರಳೆ ಎಲ್ಲವೂ ಒಟ್ಟಿಗೆ ಉರಿಯುತ್ತಿರುವಾಗ ಕಣ್ಣು ಮೊದಲು ಹೋಗುವುದು ಅತಿ ಹೆಚ್ಚು ಹೊಳೆಯುವುದರ ಕಡೆಗೆ. ಅದನ್ನೇ ಕೊಂಡು ತಂದು ಮೂರನೇ ಮಹಡಿಯ ಬಾಲ್ಕನಿಗೆ ಸುತ್ತಿದ ಮೇಲೆ ಗೊತ್ತಾಗುತ್ತದೆ, ಮನೆ ಹಬ್ಬದ ಮನೆಯಂತೆ ಕಾಣುತ್ತಿಲ್ಲ, ಹೊಸದಾಗಿ ತೆರೆದ ಮೊಬೈಲ್ ಅಂಗಡಿಯಂತೆ ಕಾಣುತ್ತಿದೆ ಎಂದು.

ತಪ್ಪು ಬಣ್ಣಗಳದ್ದಲ್ಲ, ಅವುಗಳ ಜೊತೆಗಾರಿಕೆಯದು. ಬಾಲ್ಕನಿಯಲ್ಲಿ ಹೇಗೂ ಹಣತೆ ಇರುತ್ತದೆ, ಚೆಂಡುಹೂವಿನ ಮಾಲೆ ಇರುತ್ತದೆ, ಮಾವಿನ ತೋರಣ ಇರುತ್ತದೆ. ವಿದ್ಯುತ್ ದೀಪ ಇವಕ್ಕೆ ಒಪ್ಪಬೇಕು. ಬಿಳಿ ಬೆಳಕಿನ ಛಾಯೆಯನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ, ಹೆಚ್ಚಾದಷ್ಟೂ ನೀಲಿ. ಎಣ್ಣೆದೀಪದ ಜ್ವಾಲೆ 2000 ಕೆಲ್ವಿನ್ ಆಸುಪಾಸಿನದು. ಹಳೆಯ ಕಾಲದ ತಂತಿ ಬಲ್ಬು ಸುಮಾರು 2700. ಅಡುಗೆಮನೆಯ ಟ್ಯೂಬ್‌ಲೈಟು 6500. ಪ್ಯಾಕೆಟ್ಟಿನ ಮೇಲೆ ‘ವಾರ್ಮ್ ವೈಟ್’ ಎಂದಿರುವ ಸೆಟ್ಟು ಸಾಮಾನ್ಯವಾಗಿ 2700ರಿಂದ 3000ದೊಳಗೆ ಇರುತ್ತದೆ. ಹಣತೆಯ ಪಕ್ಕದಲ್ಲಿ ಅದು ಅಕ್ಕತಂಗಿಯಂತೆ ಕೂರುತ್ತದೆ. ‘ಕೂಲ್ ವೈಟ್’ ಹಚ್ಚಿದರೆ ಅದರ ಮುಂದೆ ಹಣತೆಯೇ ಮಂಕಾಗಿ ಕಾಣುತ್ತದೆ.

ನೀಲಿಯ ಕಥೆ ಇನ್ನೂ ವಿಚಿತ್ರ. ನೀಲಿ ಸೆಟ್ಟಿನ ಕೆಳಗೆ ಚೆಂಡುಹೂವಿನ ಮಾಲೆ ಹಿಡಿದು ನೋಡಿ: ಕೇಸರಿ ಹೂವು ಒಣಗಿದ ಹೂವಿನಂತೆ ಕಪ್ಪಿಡುತ್ತದೆ. ಕೇಸರಿ ಹೂವು ನಮ್ಮ ಕಣ್ಣಿಗೆ ವಾಪಸು ಕಳಿಸುವುದು ಕೆಂಪು, ಹಳದಿ ಬೆಳಕನ್ನು. ನೀಲಿ ದೀಪದಲ್ಲಿ ಅವೆರಡೂ ಇಲ್ಲ, ಹೂವಿಗೆ ಕಳಿಸಲು ಏನೂ ಸಿಗುವುದಿಲ್ಲ. ಇದೇ ಕಾರಣಕ್ಕೆ ಅಚ್ಚಕೆಂಪು ದೀಪದಡಿ ಮಾವಿನೆಲೆಯ ಹಸಿರು ಸಾಯುತ್ತದೆ. ಇದರ ಮೇಲೆ ಕೆಂಪನ್ನೂ ನೀಲಿಯನ್ನೂ ಒಂದೇ ತಂತಿಯಲ್ಲಿ ಹಾಕಿದರೆ ಕಣ್ಣಿಗೂ ಕಷ್ಟ. ನಮ್ಮ ಕಣ್ಣಿನ ಮಸೂರ ಈ ಎರಡು ಬಣ್ಣಗಳನ್ನು ಒಂದೇ ಸಲ ಸ್ಪಷ್ಟವಾಗಿ ಹಿಡಿಯಲಾರದು. ಕೆಂಪು ನಿಂತರೆ ನೀಲಿ ಮಸುಕಾಗುತ್ತದೆ. ಸಾಲು ಅಲುಗಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಒಂದೇ ಬಣ್ಣವೆಂದರೆ ಬಡತನವಲ್ಲವೇ ಎಂದು ಕೇಳುವವರು ಮೈಸೂರು ಅರಮನೆಯನ್ನು ನೆನೆಯಬಹುದು. ದಸರೆಯಲ್ಲಿ ಅಲ್ಲಿ ಹೊತ್ತಿಕೊಳ್ಳುವುದು ಲಕ್ಷದ ಸಮೀಪದಷ್ಟು ಬಲ್ಬು, ಎಲ್ಲದಕ್ಕೂ ಒಂದೇ ಹೊನ್ನಿನ ಛಾಯೆ. ಅವು ಕಮಾನು, ಗೋಪುರ, ಅಂಚುಗಳ ಗೆರೆಯಲ್ಲೇ ಸಾಗುತ್ತವೆ, ಗೋಡೆಯ ತುಂಬ ಚೆಲ್ಲಿಲ್ಲ.

ಅದೇ ಲೆಕ್ಕವನ್ನು ಹತ್ತಡಿ ಅಗಲ, ನಾಲ್ಕಡಿ ಆಳದ ಫ್ಲ್ಯಾಟಿನ ಬಾಲ್ಕನಿಗೆ ಇಳಿಸೋಣ. ಹತ್ತು ಮೀಟರಿನ ವಾರ್ಮ್ ವೈಟ್ ಸೆಟ್ಟು ಎಂದರೆ ಸುಮಾರು 33 ಅಡಿ. ಮುಂದಿನ ಮತ್ತು ಎರಡು ಪಕ್ಕದ ಕಂಬಿಗೆ 18 ಅಡಿ, ಛಾವಣಿಯ ಮುಂದಂಚಿಗೆ 10 ಅಡಿ, ಉಳಿದ ಐದಡಿ ಕಂಬಿಯಿಂದ ಛಾವಣಿಗೆ ಏರುವುದಕ್ಕೆ. ಒಂದೇ ಸೆಟ್ಟು ಸಾಕು. ಎರಡು ಬೇಕಾದರೆ ಒಂದೇ ಕಂಪನಿಯದನ್ನು ಒಂದೇ ದಿನ ಕೊಳ್ಳಿ. ವಾರ್ಮ್ ವೈಟ್ ಎಂಬ ಹೆಸರಿನಲ್ಲೇ ಒಂದು ಜೇನಿನಂತೆ, ಇನ್ನೊಂದು ಮಜ್ಜಿಗೆಯಂತೆ ಇರುತ್ತದೆ.

ಇನ್ನೊಂದು ಬಣ್ಣಕ್ಕೆ ಜಾಗ ಆಕಾಶಬುಟ್ಟಿ. ಕೆಂಪು ಅಥವಾ ಕೇಸರಿ ಕಾಗದದ ಬುಟ್ಟಿಯೊಳಗೆ ಸಣ್ಣ ವಾರ್ಮ್ ವೈಟ್ ಎಲ್‌ಇಡಿ ಬಲ್ಬು ಹಾಕಿದರೆ ಕಾಗದ ಕೆಂಡದಂತೆ ಹೊಳೆಯುತ್ತದೆ. ಮನೆಯಲ್ಲಿದ್ದ ಕೂಲ್ ಬಲ್ಬನ್ನೇ ಹಾಕಿದರೆ ಅದೇ ಕೆಂಪು ಗುಲಾಬಿಯತ್ತ ತಿರುಗುತ್ತದೆ. ಮಕ್ಕಳು ಬಣ್ಣದ ಸೆಟ್ಟೇ ಬೇಕೆಂದು ಹಟ ಹಿಡಿದರೆ ಹಳದಿ, ಕೇಸರಿ, ಕೆಂಪಿನೊಳಗೇ ಆರಿಸಿ, ಅದನ್ನು ತುಳಸಿಕುಂಡದ ಸುತ್ತ ಒಂದು ಮೂಲೆಯಲ್ಲಿ ಇಡಬಹುದು. ಮಿನುಗಿಸುವ ಗುಂಡಿಯನ್ನು ಮಾತ್ರ ಒತ್ತೊತ್ತಿ, ದೀಪ ಮಿನುಗದೆ ನಿಲ್ಲುವ ಹಂತಕ್ಕೆ ತನ್ನಿ. ಎಷ್ಟೇ ಒಳ್ಳೆಯ ಬಣ್ಣವಾದರೂ ಸೆಕೆಂಡಿಗೆ ಮೂರು ಸಲ ಹೊತ್ತಿ ಆರಿದರೆ ಆಂಬ್ಯುಲೆನ್ಸಿನ ನೆನಪೇ.

ಅಂಗಡಿಯ ಟ್ಯೂಬ್‌ಲೈಟಿನಡಿ ಛಾಯೆ ತಿಳಿಯುವುದಿಲ್ಲ. ಅಲ್ಲಿ ಸೆಟ್ಟನ್ನು ಉರಿಸಿ, ಪಕ್ಕದಲ್ಲಿ ಫೋನಿನ ಟಾರ್ಚ್ ಹಿಡಿಯಿರಿ. ಸಾಮಾನ್ಯವಾಗಿ ಟಾರ್ಚಿನದು ತಣ್ಣನೆಯ ಬಿಳಿ. ಅದರೆದುರು ಸೆಟ್ಟು ತುಪ್ಪದ ಹಳದಿಯಾಗಿ ಕಂಡರೆ ತನ್ನಿ. ಎರಡೂ ಒಂದೇ ಎನಿಸಿದರೆ ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ, ಬಿಟ್ಟುಬಿಡಿ. ನೀರು ತುಂಬುವ ಹಬ್ಬದ ಸಂಜೆಯೇ ಕಟ್ಟಿ ಹಚ್ಚಿ, ಒಂದು ಹಣತೆಯನ್ನೂ ಇಟ್ಟು, ಕೆಳಗಿಳಿದು ರಸ್ತೆಯಾಚೆ ನಿಂತು ನೋಡಿ. ಹಣತೆ ಕಾಣದಿದ್ದರೆ ಮೇಲಿನ ಸಾಲನ್ನು ಬಿಚ್ಚಿಬಿಡಿ.