ಸುತ್ತೋಲೆಯನ್ನ ಅಜ್ಜಿಗೆ ಹೇಳೋದು ಹೇಗೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ್ದೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಅಪ್ಪ-ಅಮ್ಮ ಬೆಂಗಳೂರಲ್ಲಿ ದುಡೀತಿದ್ರೆ, ಎಸ್ಸೆಸ್ಸೆಲ್ಸಿ ಸುತ್ತೋಲೆ ಸೇರೋದು ಅಜ್ಜಿ-ತಾತನ ಕೈಗೆ.

ಅದರಲ್ಲಿ ಇಂಥ ಸಾಲಿರುತ್ತೆ: ‘ಶುಲ್ಕ ವಿನಾಯಿತಿಗೆ ಅರ್ಹರು ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಿಗದಿತ ದಿನಾಂಕದೊಳಗೆ ಸಲ್ಲಿಸತಕ್ಕದ್ದು.’ ‘ವಿನಾಯಿತಿ’ ಅಂದ್ರೆ ಅಜ್ಜಿಗೆ ‘ದುಡ್ಡಿಲ್ಲ’ ಅಂತಷ್ಟೇ ಕೇಳಿಸುತ್ತೆ. ಕಾಗದ ಕೊಟ್ರೆ ಮಾತ್ರ ದುಡ್ಡಿಲ್ಲ ಅನ್ನೋ ಷರತ್ತು ಜಾರಿಹೋಗುತ್ತೆ. ಹಾಗಾಗಿ ನಾನು ಹೀಗೆ ಹೇಳ್ತೀನಿ: ‘ಅಜ್ಜೀ, ಎರಡು ಕಾಗದ. ಶುಕ್ರವಾರದೊಳಗೆ ಹೆಡ್‌ಮೇಷ್ಟ್ರ ಕೈಗೆ. ಕೊಡದಿದ್ರೆ ಫೀಸು ಕಟ್ಟಬೇಕಾಗುತ್ತೆ.’

ಆಮೇಲೆ ಪೆಟ್ಟಿಗೆಯಿಂದ ಕಾಗದ ತೆಗೆಸಿ ನೋಡಬೇಕು. ಆದಾಯದ ಪತ್ರ ಐದು ವರ್ಷಕ್ಕಷ್ಟೇ ನಡೆಯುತ್ತೆ. ಅವಧಿ ಮುಗಿದಿದ್ರೆ ನಾಡಕಚೇರಿಗೆ ಅರ್ಜಿ ಹಾಕಿ ಕಾಯಬೇಕು. ಅಂದ್ರೆ ಅಜ್ಜಿಯ ಗಡುವು ಶುಕ್ರವಾರ ಅಲ್ಲ, ಇವತ್ತೇ.

ವೇಳಾಪಟ್ಟಿಯಲ್ಲಿ ತೊಡಕಾಗೋದು ‘ಪರೀಕ್ಷೆ-1’. ಮುಂದೆ ಇನ್ನೂ ಇದೆ ಅಂದ್ರೆ ಎಲ್ಲಾನೂ ಬರೀಬೇಕೇನೋ ಅಂತ ತಾತ ಗಾಬರಿ. ‘ಎಲ್ಲರೂ ಬರೆಯೋದು ಒಂದೇ. ಮಿಕ್ಕಿದ್ದು ಫೇಲಾದೋರಿಗೆ, ಇಲ್ಲಾ ಮಾರ್ಕ್ಸು ಹೆಚ್ಚಿಸ್ಕೊಳ್ಳೋರಿಗೆ’ ಅನ್ನಿ. ತಾರೀಖು ಬಾಯಲ್ಲಿ ಹೇಳಿ ಬಿಡಬೇಡಿ. ಗೋಡೆ ಕ್ಯಾಲೆಂಡರಲ್ಲಿ ಸುತ್ತುಹಾಕಿ.

ಪಾವಗಡದ ಕಡೆ ಎಷ್ಟೋ ಮನೆಮಾತು ತೆಲುಗು. ಅಲ್ಲಿ ಇದನ್ನೇ ತೆಲುಗಲ್ಲಿ ಹೇಳಿ.

ಕೊನೆಗೆ ‘ಅರ್ಥ ಆಯ್ತಾ?’ ಅನ್ನಬೇಡಿ, ‘ಹ್ಞೂಂ’ ಅಂದುಬಿಡ್ತಾರೆ. ‘ಏನೇನು ತಗೊಂಡು, ಯಾವತ್ತು ಹೋಗ್ತೀಯಜ್ಜಿ?’ ಅಂತ ಕೇಳಿ. ಕಾಗದ, ವಾರ, ಯಾರ ಕೈಗೆ, ಮೂರರಲ್ಲಿ ಒಂದು ತಪ್ಪಿದ್ರೂ ಅದನ್ನಷ್ಟೇ ಮತ್ತೆ ಹೇಳಿ.