ಚಾಟ್‌ಬಾಟ್ ಬರೆದದ್ದಕ್ಕೆ ಮಕ್ಕಳೇ ಮಾರ್ಕು ಹಾಕಿದಾಗ

ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಇಲಾನ್ ವಿಶ್ವವಿದ್ಯಾನಿಲಯ ಅಂತ ಒಂದುಂಟು. ಅಲ್ಲಿ ಧರ್ಮಗಳ ಅಧ್ಯಯನ ಕಲಿಸುತ್ತಿದ್ದ ಸಿ.ಡಬ್ಲ್ಯೂ. ಹೊವೆಲ್ ಎಂಬ ಅಧ್ಯಾಪಕರು 2023ರಲ್ಲಿ ಒಂದು ಪ್ರಯೋಗ ಮಾಡಿದರು. ಚಾಟ್‌ಜಿಪಿಟಿ ಮುಟ್ಟಬೇಡಿ ಎನ್ನುವ ಬದಲು, ಅದರಿಂದಲೇ ಪ್ರಬಂಧ ಬರೆಸಿ ತನ್ನಿ, ಆಮೇಲೆ ನೀವೇ ಮೇಷ್ಟ್ರಾಗಿ ಅದನ್ನು ತಿದ್ದಿ ಮಾರ್ಕು ಹಾಕಿ ಅಂದರು. ಬಂದ 63 ಪ್ರಬಂಧಗಳಲ್ಲಿ ತಪ್ಪಿಲ್ಲದ ಒಂದೂ ಇರಲಿಲ್ಲ. ಯಾರೂ ಹೇಳದ ಮಾತು, ಇಲ್ಲದ ಪುಸ್ತಕ, ಇದ್ದ ಪುಸ್ತಕವನ್ನೇ ತಿರುಚಿದ ಅರ್ಥ. ಇದೆಲ್ಲ ಯಂತ್ರ ಕಟ್ಟಿ ಹೇಳಬಹುದು ಎಂಬುದೇ ಅನೇಕ ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ.

ಈ ಪ್ರಯೋಗ ನಮ್ಮ ಕರಾವಳಿಯ ಕಾಲೇಜುಗಳಿಗೂ ಹೊಂದುತ್ತದೆ. ಅಸೈನ್‌ಮೆಂಟಿನಲ್ಲಿ ಮಾರ್ಕು ಎಲ್ಲಿಗೆ ಬೀಳುತ್ತದೆ ಎಂಬುದನ್ನೇ ಹೊವೆಲ್ ಬದಲಿಸಿದ್ದರು. ಉತ್ತರ ಯಂತ್ರದ್ದು, ಪರಿಶೀಲನೆ ವಿದ್ಯಾರ್ಥಿಯದ್ದು.

ಕದ್ದು ಬಳಸಿದವರನ್ನು ಹಿಡಿಯುವ ಸಾಫ್ಟ್‌ವೇರ್ ಉಂಟಲ್ಲ ಎಂದು ಕೆಲವರು ಕೇಳುತ್ತಾರೆ. ಅದನ್ನು ನಂಬಿದರೆ ಕೆಟ್ಟೆವು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪೆನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈಯಲ್ಲಿ ಹಿಂದೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂತಹ ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರದ ಬರಹವೆಂದು ತೀರ್ಪಿತ್ತವು. ಮನೆಯಲ್ಲಿ ಬ್ಯಾರಿಯೋ ತುಳುವೋ ಮಾತಾಡಿ, ಕಾಲೇಜಿನಲ್ಲಿ ಸರಳ ಇಂಗ್ಲಿಷ್‌ನಲ್ಲಿ ಬರೆಯುವ ನಮ್ಮ ಮಕ್ಕಳ ಗತಿ ಏನು, ನೀವೇ ಯೋಚಿಸಿ.

ಹಾಗಾದರೆ ಅಸೈನ್‌ಮೆಂಟನ್ನು ಹೇಗೆ ಕಟ್ಟುವುದು? ನಮ್ಮ ಜಿಲ್ಲೆಯದ್ದೇ ವಿಷಯ ತೆಗೆದುಕೊಳ್ಳೋಣ. ಕಲ್ಯಾಣಸ್ವಾಮಿಯ ಹೆಸರಿನಲ್ಲಿ 1837ರಲ್ಲಿ ನಡೆದ ಅಮರ ಸುಳ್ಯದ ದಂಗೆಗೆ ಕಾರಣವೇನು, ಇಪ್ಪತ್ತು ಅಂಕ. ವಿದ್ಯಾರ್ಥಿ ಚಾಟ್‌ಬಾಟ್‌ಗೆ ಕೇಳಲಿ. ಕೇಳಿದ ಪ್ರಶ್ನೆ, ಬಂದ ಉತ್ತರ ಎರಡನ್ನೂ ಪೂರ್ತಿ ಪ್ರಿಂಟ್ ತೆಗೆದು ಲಗತ್ತಿಸಲಿ. ಅದಿಲ್ಲದೆ ಪುಸ್ತಕ ಸ್ವೀಕರಿಸುವುದಿಲ್ಲ, ಆದರೆ ಅದಕ್ಕೆ ಅಂಕವೂ ಇಲ್ಲ. ಉತ್ತರದಲ್ಲಿನ ನಾಲ್ಕು ಮಾತುಗಳಿಗೆ ಗೆರೆ ಎಳೆದು, ಗ್ರಂಥಾಲಯದ ಪುಸ್ತಕದೊಂದಿಗೆ ತಾಳೆ ನೋಡಿ, ಪುಟ ಸಂಖ್ಯೆ ಸಹಿತ ಅಂಚಿನಲ್ಲಿ ಕೈಬರಹದಲ್ಲಿ ಬರೆಯುವುದಕ್ಕೆ ಹತ್ತು ಅಂಕ. ಅದರ ಮೇಲೆ ತನ್ನದೇ ಒಂದು ಪುಟದ ಉತ್ತರಕ್ಕೆ ನಾಲ್ಕು. ಉಳಿದ ಆರು ಮೂರು ನಿಮಿಷದ ಬಾಯಿಮಾತಿನ ಪ್ರಶ್ನೆಗೆ.

ಯಂತ್ರ "ಬ್ರಿಟಿಷರ ಭಾರೀ ತೆರಿಗೆಯೇ ಕಾರಣ" ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಸುಳ್ಳಲ್ಲ, ಆದರೆ ಯಾವ ದಂಗೆಗೂ ಅಂಟಿಸಬಹುದಾದ ವಾಕ್ಯ. ಪುಸ್ತಕ ತೆರೆದವನಿಗೆ ಬೇರೆ ಸಂಗತಿ ಸಿಗುತ್ತದೆ: 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು, ಅದುವರೆಗೆ ಬೆಳೆಯಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕೊಡಬೇಕೆಂದರು. ಬಾಯಿಪ್ರಶ್ನೆಯಲ್ಲಿ ಮೇಷ್ಟ್ರು ಕೇಳಬೇಕಾದ್ದು ಇಷ್ಟೇ: ಮೊತ್ತ ಅಷ್ಟೇ ಇದ್ದರೂ ನಗದು ಕೊಡುವುದು ರೈತನಿಗೆ ಯಾಕೆ ಕಷ್ಟ? ಓದಿದ ಹುಡುಗಿ ಕೊಯ್ಲಿನ ಹೊತ್ತಿಗೆ ಭತ್ತದ ಕ್ರಯ ಇಳಿಯುವುದನ್ನೋ, ಸಾಲಕೊಡುವ ಸಾಹುಕಾರನನ್ನೋ ಹೇಳುತ್ತಾಳೆ. ಅಂಚಿನ ಟಿಪ್ಪಣಿಯನ್ನೂ ಯಂತ್ರದಿಂದಲೇ ಬರೆಸಿ ನಕಲು ಮಾಡಿದವನು ಮತ್ತೆ "ಭಾರೀ ತೆರಿಗೆ ಸರ್" ಎನ್ನುತ್ತಾನೆ. ಹೌದು, ಹಾಗೆ ಮಾಡುವವರೂ ಇರುತ್ತಾರೆ ಮಾರಾಯ್ರೆ. ಅದಕ್ಕೇ ಈ ಮೂರು ನಿಮಿಷವನ್ನು ಬಿಡುವ ಹಾಗಿಲ್ಲ.

ತೊಡಕು ಇರುವುದೂ ಅಲ್ಲೇ. ಅರುವತ್ತು ಮಕ್ಕಳ ತರಗತಿಗೆ ಮೂರು ನಿಮಿಷದಂತೆ ನೂರ ಎಂಬತ್ತು ನಿಮಿಷ, ಅಂದರೆ ಮೂರು ಪೀರಿಯಡ್‌ಗೂ ಮಿಕ್ಕಿ ಹೋಯಿತು. ಅತಿಥಿ ಉಪನ್ಯಾಸಕರಿಗೆ ಅಷ್ಟು ಸಮಯ ಎಲ್ಲಿಂದ ಬರಬೇಕು? ನಮಗೆ ಕಾಣುವ ದಾರಿ, ಸೆಮಿಸ್ಟರಿಗೆ ಮೂರು ಅಸೈನ್‌ಮೆಂಟ್ ಕೊಡುವಲ್ಲಿ ಒಂದನ್ನೇ ಹೀಗೆ ಮಾಡಿ ಉಳಿದೆರಡನ್ನು ತರಗತಿಯಲ್ಲೇ ಬರೆಸುವುದು. ಕಡಿಮೆಯಾಯಿತು ಎಂದು ಯಾರೂ ಅಳಲಿಕ್ಕಿಲ್ಲ.

ಇನ್ನೊಂದು ವಿಷಯ ಫೋನಿನದ್ದು. ಒಬ್ಬನ ಬಳಿ ದುಡ್ಡು ಕೊಟ್ಟು ಕೊಂಡ ಆವೃತ್ತಿ, ಇನ್ನೊಬ್ಬಳು ಸಂಜೆ ಉಮ್ಮನ ಫೋನ್ ಬಿಡುವಾಗುವುದನ್ನು ಕಾಯಬೇಕು. ಹಾಗಿರುವ ಕಡೆ ಅಧ್ಯಾಪಕರೇ ಒಂದು ಉತ್ತರ ತೆಗೆದು, ಅದನ್ನೇ ಜೆರಾಕ್ಸ್ ಮಾಡಿಸಿ ಇಡೀ ತರಗತಿಗೆ ಹಂಚಲಿ. ಗೆರೆ ಎಳೆಯಲು ಪೆನ್ನು, ತಾಳೆ ನೋಡಲು ಗ್ರಂಥಾಲಯ ಇದ್ದರೆ ಸಾಕು. ಆ ಗ್ರಂಥಾಲಯ ಸಂಜೆ ಐದರವರೆಗಾದರೂ ತೆರೆದಿರುತ್ತದಾ ಎಂದು ಮುಂದಿನ ಪೋಷಕರ ಸಭೆಯಲ್ಲಿ ನಾವು ಕೇಳಲೇಬೇಕು.