ಹೇರೂರಿನಿಂದ ಕೆಲಸ: ನಿಯಮ ಬರೆಯುವ ಮುನ್ನ

2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಿಗೆ ಮರಳಿದವರಲ್ಲಿ ಕೆಲವರು ಇನ್ನೂ ಅಲ್ಲಿಂದಲೇ ದುಡಿಯುತ್ತಿದ್ದಾರೆ. ಬೆಂಗಳೂರಿನ ಹನ್ನೆರಡು ಜನರ ಲೆಕ್ಕಪತ್ರ ಕಂಪನಿಯೊಂದನ್ನು ಊಹಿಸಿಕೊಳ್ಳಿ. ಅದರ ಉದ್ಯೋಗಿಯೊಬ್ಬರು ಆ ಕಡೆಯ ಹೇರೂರಿನ ಮನೆಯಿಂದ ಕೆಲಸ ಮಾಡುತ್ತೇನೆ ಎನ್ನುತ್ತಾರೆ.

ತಪ್ಪು ಕಲ್ಪನೆ: ನಂಬಿಕಸ್ಥರಿಗೆ ಅನುಮತಿ ಕೊಟ್ಟರಾಯಿತು.

ಅರ್ಹತೆಯನ್ನು ವ್ಯಕ್ತಿಯಿಂದಲ್ಲ, ಹುದ್ದೆ ಮತ್ತು ಜಾಗದಿಂದ ಅಳೆಯಬೇಕು. ತಿಂಗಳ ಲೆಕ್ಕ ಮುಗಿಸುವ ಕೆಲಸ ಅರ್ಧ ದಿನ ತಡೆಯುತ್ತದೆ, ಗ್ರಾಹಕರ ಫೋನ್ ತೆಗೆದುಕೊಳ್ಳುವ ಕೆಲಸ ತಡೆಯುವುದಿಲ್ಲ. ಜಾಗದ ಪರೀಕ್ಷೆ ಮಳೆಗಾಲದಲ್ಲೇ ಆಗಬೇಕು. ಏಪ್ರಿಲ್‌ನಲ್ಲಿ ಬಂದ ನೆಟ್ ವೇಗ ಜುಲೈಗೆ ಸಾಕ್ಷಿಯಲ್ಲ.

ತಪ್ಪು ಕಲ್ಪನೆ: ಇನ್ವರ್ಟರ್ ಇದ್ದರೆ ಸಾಕು.

ಲ್ಯಾಪ್‌ಟಾಪ್ ಮತ್ತು ರೂಟರ್ ಸೇರಿ ಸುಮಾರು 75 ವ್ಯಾಟ್. ಚೆನ್ನಾಗಿರುವ 150 ಆಂಪಿಯರ್-ಅವರ್ ಬ್ಯಾಟರಿ ಇಷ್ಟನ್ನು ಒಂದು ಕೆಲಸದ ದಿನ ನಡೆಸುತ್ತದೆ. ಆದರೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದಾಗ, ಟವರಿನ ಬ್ಯಾಟರಿಯೂ ಖಾಲಿಯಾದರೆ ಮನೆಯಲ್ಲಿ ದೀಪ ಉರಿಯುತ್ತದೆ, ನೆಟ್ ಇರುವುದಿಲ್ಲ. ಫೈಬರ್ ಜೊತೆಗೆ ಬೇರೆ ಕಂಪನಿಯ ಸಿಮ್ ಬೇಕು, ಎರಡೂ ಕೈಕೊಟ್ಟರೆ ಯಾವ ಪೇಟೆಯಲ್ಲಿ ಕೂರಬೇಕೆಂಬುದು ಮೊದಲೇ ಗೊತ್ತಿರಬೇಕು. ಲ್ಯಾಪ್‌ಟಾಪ್, ಸಿಮ್, ಬ್ಯಾಟರಿ ಯಾರ ಖರ್ಚು, ಕೆಲಸ ಬಿಟ್ಟಾಗ ಯಾವುದು ವಾಪಸು ಎಂಬುದನ್ನೂ ಬರೆದಿಡಿ.

ವೇಳೆಯನ್ನೂ ಹೀಗೇ ಕಟ್ಟಬೇಕು: ಬೆಳಿಗ್ಗೆ 11ರಿಂದ 3ರವರೆಗೆ ಎಲ್ಲರೂ ಸಿಗಬೇಕು, ಉಳಿದ ಗಂಟೆ ಅವರವರ ಅನುಕೂಲ. ನೆಟ್ ಹೋದರೆ ಅರ್ಧ ಗಂಟೆಯೊಳಗೆ ಫೋನ್ ಅಥವಾ ಎಸ್‌ಎಂಎಸ್. ನೆಟ್ ಇಲ್ಲದೆ ಹೋದ ಗಂಟೆಗಳನ್ನು ರಾತ್ರಿ ತುಂಬಿಸಿಕೊಳ್ಳಲು ಹೇಳುವವರು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನು ನೋಡಲಿ: ದಿನಕ್ಕೆ 9, ವಾರಕ್ಕೆ 48 ಗಂಟೆ ಮಿತಿ, ಮೀರಿದರೆ ದುಪ್ಪಟ್ಟು ಸಂಬಳ.

ತಪ್ಪು ಕಲ್ಪನೆ: ಪಾಸ್‌ವರ್ಡ್ ಇದೆ, ಮಾಹಿತಿ ಭದ್ರ.

ನನ್ನ ಮಟ್ಟಿಗೆ ಇದೇ ದೊಡ್ಡ ಅಪಾಯ. ಶಿರಸಿಯ ರಾತ್ರಿ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳೆದರೆ, ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದವನಿಗೆ ವಿಂಡೋಸ್ ಪಾಸ್‌ವರ್ಡ್ ಅಡ್ಡಿಯೇ ಅಲ್ಲ. ತಡೆಯುವುದು ಡಿಸ್ಕಿನ ಎನ್‌ಕ್ರಿಪ್ಶನ್. ಅದಕ್ಕೆ ವಿಂಡೋಸ್ ಪ್ರೊ ಇರುವ ಯಂತ್ರವನ್ನೇ ಕೊಡಿ, ಹೋಮ್‌ನಲ್ಲಿ ಬಿಟ್‌ಲಾಕರಿನ ಪೂರ್ಣ ನಿಯಂತ್ರಣ ಇಲ್ಲ. ಯಂತ್ರ ಕೊಡುವ ಮುನ್ನ ಅಡ್ಮಿನ್ ಆಗಿ ಹೀಗೆ ನೋಡಿ:

```
manage-bde -status C:
```

`Protection On` ಎಂದು ಬರಬೇಕು. ರಿಕವರಿ ಕೀ ಉದ್ಯೋಗಿಯ ಸ್ವಂತ ಖಾತೆಯಲ್ಲಲ್ಲ, ಕಂಪನಿಯ ಬಳಿ ಇರಬೇಕು.

ಕಳೆದುಹೋದ ಸುದ್ದಿ ತಕ್ಷಣ ಬರಬೇಕೆಂದರೆ, ತಿಳಿಸಿದವರಿಗೆ ದಂಡವಿಲ್ಲ ಎಂದು ನಿಯಮದಲ್ಲೇ ಇರಲಿ. 2022ರ ಸರ್ಟ್-ಇನ್ ನಿರ್ದೇಶನದ ಪ್ರಕಾರ, ಅದು ಪಟ್ಟಿಮಾಡಿದ ಸೈಬರ್ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ಕಂಪನಿ ವರದಿ ಮಾಡಬೇಕು. ಹೆದರಿ ಸೋಮವಾರದವರೆಗೆ ಸುಮ್ಮನಿದ್ದ ಉದ್ಯೋಗಿಯಿಂದ, ಕದ್ದ ಯಂತ್ರದಲ್ಲಿ ತೆರೆದೇ ಇರುವ ಖಾತೆಗಳನ್ನು ಮುಚ್ಚುವ ಹೊತ್ತೂ ಮೀರಿರುತ್ತದೆ.